ಬೇಗ ಹಣ ಕೊಟ್ಟರೆ ಎಷ್ಟು ಬಿಡಬೇಕು?

ಆಲಸನತ್ತಂನಿಂದ ಬರೆದವರಿಗೆ,

ಹೊಸೂರಿನ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ನಿಮಗೆ 30 ದಿನ ಕಾಯುವುದು ಕಷ್ಟವೇ. ಆದರೆ 20 ದಿನ ಮೊದಲೇ ಹಣ ಬರಲೆಂದು ಶೇ 2 ಬಿಟ್ಟರೆ, ವರ್ಷಕ್ಕೆ ಸುಮಾರು ಶೇ 37 ಬಡ್ಡಿ ಕಟ್ಟಿದಂತೆ. ಅದು ದುಬಾರಿ, ಶೇ 1 ಸಾಕು. ಮೇಲ್ ಹೀಗಿರಲಿ:

‘ಸರ್, ನಮಸ್ಕಾರ. ಜೂನ್ 1ರ ಬಿಲ್ 1,00,000 ರೂ., ಜಿಎಸ್‌ಟಿ 18,000 ರೂ. ಜೂನ್ 11ರೊಳಗೆ ಪೂರ್ತಿ ಹಣ ನಮ್ಮ ಖಾತೆಗೆ ಜಮಾ ಆದರೆ 1,000 ರೂ. ಬಿಡುತ್ತೇವೆ, 1,17,000 ಕಳಿಸಿದರೆ ಸಾಕು. ಆಮೇಲೆ ಜುಲೈ 1ರವರೆಗೆ 1,18,000.’

‘10 ದಿನದೊಳಗೆ’ ಎಂದಷ್ಟೇ ಬರೆದರೆ ಅವರು ಮಾಲು ಮುಟ್ಟಿದ ದಿನದಿಂದ ಎಣಿಸಬಹುದು. ಅದಕ್ಕೇ ತಾರೀಖು ಬೇಕು. ಗಡುವು ದಾಟಿದ ಮೇಲೂ ಮುರಿದುಕೊಂಡು ಕಳಿಸಿದರೆ, ಉಳಿದ ಸಾವಿರವನ್ನು ಅಂದೇ ಕೇಳಿ.