ಎಂಡೋಮೆಂಟ್ ಪಾಲಿಸಿಯ ನಿಜವಾದ ಬಡ್ಡಿ ಎಷ್ಟು?

ಎಂಡೋಮೆಂಟ್ ಪಾಲಿಸಿಯಲ್ಲಿ ಬೋನಸ್ ಲೆಕ್ಕವಾಗುವುದು ವಿಮಾ ಮೊತ್ತದ ಮೇಲೆ, ಕಟ್ಟಿದ ಕಂತಿನ ಮೇಲಲ್ಲ. ಸಾವಿರಕ್ಕೆ 45 ರೂಪಾಯಿ ಬೋನಸ್ ಘೋಷಣೆಯಾದರೆ 10 ಲಕ್ಷದ ಪಾಲಿಸಿಗೆ ಆ ವರ್ಷ 45,000 ರೂಪಾಯಿ ಸೇರುತ್ತದೆ. ಹಾಗೆ ಸೇರಿದ ಹಣಕ್ಕೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ. ಅವಧಿ ಮುಗಿಯುವ ತನಕ ಅದು ಅಷ್ಟೇ ಇರುತ್ತದೆ.

ಈ ಲೇಖಕರ ಮನೆಯಲ್ಲಿದ್ದ ಪಾಲಿಸಿ ಇದೇ ಬಗೆಯದು. ಅಂಕಿಗಳನ್ನು ದುಂಡಾಗಿಸಿ ಹೇಳುವುದಾದರೆ, ವರ್ಷಕ್ಕೆ 50,000ದಂತೆ 20 ವರ್ಷ ಕಂತು, ಕೊನೆಗೆ ಬೋನಸ್ ಸೇರಿ 19 ಲಕ್ಷ. ಹತ್ತು ಕಟ್ಟಿ ಹತ್ತೊಂಬತ್ತು ಪಡೆದಂತೆ ಕಾಣುವ ಈ ವ್ಯವಹಾರದ ಬಡ್ಡಿ ದರ ತಿಳಿಯಲು ಎಕ್ಸೆಲ್‌ನ ಒಂದು ಸೂತ್ರ ಸಾಕು:

```
=RATE(20,-50000,0,1900000,1)
```

ಉತ್ತರ ಸುಮಾರು ಶೇ 5.8. ಕೊನೆಯ 1 ಎಂಬ ಅಂಕಿ, ಕಂತನ್ನು ವರ್ಷದ ಆರಂಭದಲ್ಲೇ ಕಟ್ಟುವುದನ್ನು ಸೂಚಿಸುತ್ತದೆ. ಅದನ್ನು ಬಿಟ್ಟರೆ ದರ ಶೇ 6.3 ಎಂದು ಹಿಗ್ಗಿ ಕಾಣುತ್ತದೆ.

ಆದರೆ ಈ 5.8ನ್ನು ನೇರವಾಗಿ ಪಿಪಿಎಫ್ ಬಡ್ಡಿಯ ಪಕ್ಕ ಇಡುವುದು ನ್ಯಾಯವಲ್ಲ. ಕಂತಿನ ಒಂದು ಪಾಲು ಜೀವ ರಕ್ಷಣೆಗೆ ಖರ್ಚಾಗಿದೆ. ಅಷ್ಟೇ ಮೊತ್ತದ, ಅಂದರೆ 10 ಲಕ್ಷದ ಟರ್ಮ್ ವಿಮೆಗೆ ವರ್ಷಕ್ಕೆ 3,000 ಎಂದು ಹಿಡಿದರೆ ಉಳಿತಾಯಕ್ಕೆ ಹೋದದ್ದು 47,000. ಈ ಮೊತ್ತದ ಮೇಲೆ ಲೆಕ್ಕ ಹಾಕಿದಾಗ ಎಂಡೋಮೆಂಟ್ ಕೊಟ್ಟ ಬಡ್ಡಿ ಸುಮಾರು ಶೇ 6.3. ಹೋಲಿಕೆಗೆ ಇಡಬೇಕಾದ ದರ ಇದು. ಒಂದು ಕೋಟಿಯ ಟರ್ಮ್ ವಿಮೆಯ ಕಂತನ್ನು ಕಳೆದು ಹೋಲಿಸುವವರು ಹತ್ತು ಪಟ್ಟು ದೊಡ್ಡ ರಕ್ಷಣೆಯ ಬೆಲೆಯನ್ನು ಲೆಕ್ಕಕ್ಕೆ ತಂದಿರುತ್ತಾರೆ. ಆಗ ಎರಡು ಬೇರೆ ಸರಕುಗಳನ್ನು ತೂಗಿದಂತಾಗುತ್ತದೆ.

ಅದೇ 47,000ವನ್ನು 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 7.1ರ ದರದಲ್ಲಿ ಪ್ರತಿವರ್ಷ ಏಪ್ರಿಲ್ 5ರೊಳಗೆ ಪಿಪಿಎಫ್‌ಗೆ ಕಟ್ಟಿ, 15 ವರ್ಷದ ನಂತರ ಖಾತೆಯನ್ನು ಐದು ವರ್ಷ ಮುಂದುವರಿಸಿದರೆ ಸಿಗುವುದು ಸುಮಾರು 20.9 ಲಕ್ಷ. ಹತ್ತು ವರ್ಷ ತುಂಬಿದಾಗ ವಿಮೆದಾರರು ತೀರಿಕೊಂಡರೆ ಎಂಡೋಮೆಂಟ್‌ನಿಂದ ಕುಟುಂಬಕ್ಕೆ 14.5 ಲಕ್ಷ, ಟರ್ಮ್ ಹಣ ಮತ್ತು ಪಿಪಿಎಫ್ ಸೇರಿ 17 ಲಕ್ಷದ ಹತ್ತಿರ. ಪಿಪಿಎಫ್ ದರ ಸರ್ಕಾರದ ಕೈಯಲ್ಲಿದೆ, ಬದಲಾಗಬಹುದು. ಉಳಿದ ಹಣವನ್ನು ಪ್ರತಿವರ್ಷ ತಪ್ಪದೆ ಕಟ್ಟದಿದ್ದರೆ ಈ ಲೆಕ್ಕವೇ ನಿಲ್ಲುವುದಿಲ್ಲ. ಕಂತು ತಪ್ಪಿಸುವ ಅಭ್ಯಾಸ ಇರುವವರಿಗೆ ಎಂಡೋಮೆಂಟ್‌ನ ಕಟ್ಟುಪಾಡು ನಿಜಕ್ಕೂ ಬೆಲೆಯುಳ್ಳದ್ದು.

ಈಗಾಗಲೇ ಪಾಲಿಸಿ ಇರುವವರ ಪ್ರಶ್ನೆಯೇ ಬೇರೆ. ಕಟ್ಟಿದ ಹಣ ಕಟ್ಟಿಯಾಗಿದೆ. ಲೆಕ್ಕ ಇಂದಿನಿಂದ ಶುರುವಾಗಬೇಕು. ಇದೇ ಪಾಲಿಸಿಗೆ 15 ವರ್ಷ ತುಂಬಿದಾಗ ಕಂಪನಿ ತಿಳಿಸುವ ಸರೆಂಡರ್ ಮೌಲ್ಯ 9 ಲಕ್ಷ ಎಂದುಕೊಳ್ಳೋಣ. ಅದನ್ನು ಬಿಟ್ಟುಕೊಟ್ಟು ಇನ್ನೈದು ಕಂತು ಕಟ್ಟಿ 19 ಲಕ್ಷ ಪಡೆದರೆ, ಆ ಐದು ವರ್ಷಗಳ ಬಡ್ಡಿ ಸುಮಾರು ಶೇ 11.5. ಅಂಥ ಹಂತದಲ್ಲಿ ಪಾಲಿಸಿಯನ್ನು ಮುಂದುವರಿಸುವುದೇ ಲಾಭ.