ಸೆರಗು ಬರೆಯುವ ಮೊದಲು

ವಿನ್ಯಾಸ ಕಲಿಯಲು ಬಂದಿದ್ದೀರಿ, ಆದರೆ ಪೆನ್ಸಿಲ್ ಸ್ವಲ್ಪ ಬದಿಗಿಡಿ. ನಮ್ಮ ಸೂಡಿ ಕಡೆ ಎಲ್ಲರಿಗೂ ಗೊತ್ತಿರುವ ಇಳಕಲ್ ಸೀರೆಯನ್ನೇ ನೋಡಿ. ಹತ್ತಿಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಸೆರಗು ರೇಷ್ಮೆಯದಿರಬಹುದು, ಅಗ್ಗದ ರೇಯಾನಿನದೂ ಇರಬಹುದು. ಹೊಳಪು ನೋಡಿ ಮೋಸಹೋಗುವುದು ಸುಲಭ.

ಒದ್ದೆಯಾದಾಗ ಹತ್ತಿಯ ಬಲ ಹೆಚ್ಚುತ್ತದೆ, ಸಾಮಾನ್ಯ ರೇಯಾನಿನದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಒಗೆದು ಜೋರಾಗಿ ಹಿಂಡಿದರೆ ಒಡಲು ತಾಳಿಕೊಳ್ಳುತ್ತದೆ, ಸೆರಗು ಪಿಸಿಯುತ್ತದೆ. ನೀವು ಎಷ್ಟು ಚೆಂದ ಬರೆದಿದ್ದರೂ ಅಷ್ಟೇ!

ಅನುಮಾನ ಬಂದರೆ ಸೆರಗಿನ ತುದಿಯ ಒಂದೆಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಆರಿದ ಮೇಲೆ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ರೇಯಾನ್ ಇರಬಹುದು. ಹತ್ತಿಯೂ ಹಾಗೇ ಉರಿಯುವುದರಿಂದ, ಇನ್ನೊಂದೆಳೆಯನ್ನು ನೆನೆಸಿ ಎಳೆದು ನೋಡಿ.