ಮೂಗು ಮುರಿಯುವ ಮುನ್ನ

ಭೌತವಿಜ್ಞಾನದಿಂದ ವೈದ್ಯಕೀಯದತ್ತ ಹೊರಳಿದ ಸಂಶೋಧಕರು ಔಷಧ ಪ್ರಯೋಗದ ಪ್ರಬಂಧ ಕಂಡು ಮೂಗು ಮುರಿಯುವುದುಂಟು: ಪಿ-ಮೌಲ್ಯ 0.05ಕ್ಕಿಂತ ತುಸು ಕಡಿಮೆ, ಇದೂ ಒಂದು ಪುರಾವೆಯೇ? 2012ರಲ್ಲಿ ಹಿಗ್ಸ್ ಕಣದ ಪತ್ತೆಯನ್ನು ಸಾರಲು ಅವರ ಹಿಂದಿನ ಕ್ಷೇತ್ರ ಕೇಳಿದ್ದು 5 ಸಿಗ್ಮಾ. ಬರೀ ಆಕಸ್ಮಿಕವಾಗಿ ಅಂಥ ಸಂಕೇತ ಮೂಡುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದು.

ಆತುರ ಬೇಡ. ಮಿತಿಯ ಬಿಗಿ ಬಹುಮಟ್ಟಿಗೆ ಎಷ್ಟು ಪ್ರಶ್ನೆ ಕೇಳಿದ್ದಾರೆ ಎಂಬುದರ ಮೇಲೆ ನಿಂತಿದೆ. ಇಡೀ ಜೀನೋಮನ್ನು ಜಾಲಾಡುವ ತಳಿವಿಜ್ಞಾನಿಗಳು ಸುಮಾರು 10 ಲಕ್ಷ ಪರೀಕ್ಷೆಗಳ ಲೆಕ್ಕ ಹಿಡಿದು 0.05ನ್ನು ಅಷ್ಟರಿಂದಲೇ ಭಾಗಿಸುತ್ತಾರೆ. ಔಷಧ ಪ್ರಯೋಗದ ಮುಖ್ಯ ಪ್ರಶ್ನೆ ಸಾಮಾನ್ಯವಾಗಿ ಒಂದೇ, ಅದೂ ಮೊದಲೇ ಘೋಷಿಸಿದ್ದು.

ಹಾಗಾಗಿ ಮೊದಲು ಪ್ರಬಂಧದ ಕ್ಷೇತ್ರದ ಒಂದು ಸಮೀಕ್ಷಾ ಲೇಖನ ಓದಿಕೊಳ್ಳಿ. ಬಳಿಕ ಪ್ರಯೋಗದ ನೋಂದಣಿಯನ್ನು (ಭಾರತದ್ದಾದರೆ ಸಿಟಿಆರ್‌ಐನಲ್ಲಿ) ತೆರೆದು, ಅಲ್ಲಿ ಹೇಳಿದ ಮುಖ್ಯ ಫಲಿತಾಂಶವೇ ಪ್ರಬಂಧದಲ್ಲೂ ಇದೆಯೇ ನೋಡಿ. ಕಾರಣ ಹೇಳದೆ ಬದಲಿಸಿದ್ದರೆ, ಆ 0.05ನ್ನು ಧಾರಾಳವಾಗಿ ಅನುಮಾನಿಸಿ.